ಬಿಪಿ ಲೋ ಅಂದರೆ ಎಷ್ಟು? ಸುಸ್ತಾದ ಹೆಣ್ಣುಮಕ್ಕಳ ರಕ್ತದೊತ್ತಡ

(ಹಾಲ್ಕುರಿಕೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಆರೋಗ್ಯಕ್ಕೆ ಸಂಬಂಧಿಸಿದ ಒಂದೇ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬುದು ಈ ದತ್ತಿಯ ಆಶಯ. ರಕ್ತದೊತ್ತಡ ಎಂದರೆ ಎಲ್ಲರಿಗೂ ಜಾಸ್ತಿ ಬಿಪಿಯೇ ನೆನಪಾಗುತ್ತದೆ. ನಾನು ಇವತ್ತು ಅದರ ಇನ್ನೊಂದು ತುದಿಯ ಬಗ್ಗೆ ಮಾತಾಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ಆಸ್ಪತ್ರೆಗೆ ಹೋದರೂ ಹದಿನೆಂಟು ಇಪ್ಪತ್ತರ ಹುಡುಗಿಯೊಬ್ಬಳು ಬಾಗಿಲಲ್ಲೇ ಹೇಳುತ್ತಾಳೆ: "ನಂಗೆ ಬಿಪಿ ಲೋ ಆಗೈತೆ, ಒಂದು ಗ್ಲೂಕೋಸ್ ಹಾಕಿ." ಜ್ವರ ಇಲ್ಲ, ಕೆಮ್ಮಿಲ್ಲ, ಬೇರೆ ಕಾಯಿಲೆ ಏನೂ ಇಲ್ಲ. ಆದರೆ ಸುಸ್ತು. ಎದ್ದರೆ ಕಣ್ಣಿಗೆ ಕತ್ತಲೆ. ಬಿಪಿ ನೋಡಿದರೆ 94/60. ಕಾರಣ ಸಿಕ್ಕಿತು ಎಂದು ಅವಳಿಗೂ ಸಮಾಧಾನ, ಮನೆಯವರಿಗೂ ಸಮಾಧಾನ.

ನಾನು ಹೇಳಬೇಕೆಂದಿರುವುದು ಇಷ್ಟೇ: ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಆ 94/60 ಎಂಬುದು ಕಾಯಿಲೆಯಲ್ಲ, ಅವರ ಮೈಕಟ್ಟಿನ ಸಹಜ ಅಂಕಿ. ಸುಸ್ತು ಮಾತ್ರ ಸುಳ್ಳಲ್ಲ. ಅದಕ್ಕೆ ಬೇರೆ ಕಾರಣವಿದೆ. ಬಿಪಿ ಲೋ ಎಂಬ ಮಾತಿಗೆ ನಾವು ತೃಪ್ತರಾಗಿಬಿಟ್ಟರೆ ಆ ಕಾರಣ ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ.

ಎಷ್ಟಿದ್ದರೆ ಕಡಿಮೆ?

ಬಿಪಿಯಲ್ಲಿ ಎರಡು ಅಂಕಿಗಳಿವೆ. ಹೃದಯ ಹಿಂಡಿದಾಗ ರಕ್ತನಾಳದಲ್ಲಿ ಇರುವ ಒತ್ತಡ ಮೇಲಿನದು, ಹೃದಯ ಸಡಿಲಗೊಂಡಾಗ ಇರುವುದು ಕೆಳಗಿನದು. ಎರಡನ್ನೂ ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಮೇಲಿನದು 90ಕ್ಕಿಂತ ಕೆಳಗೆ ಅಥವಾ ಕೆಳಗಿನದು 60ಕ್ಕಿಂತ ಕೆಳಗೆ ಇದ್ದರೆ ಕಡಿಮೆ ರಕ್ತದೊತ್ತಡ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಈ ಗೆರೆ ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಎಳೆದದ್ದು. 89 ಇದ್ದವಳು ರೋಗಿ, 91 ಇದ್ದವಳು ಆರೋಗ್ಯವಂತೆ ಎಂದು ದೇಹ ಲೆಕ್ಕ ಹಾಕುವುದಿಲ್ಲ. ಜಾಸ್ತಿ ಬಿಪಿಯಲ್ಲಿ ಅಂಕಿಯೇ ಅಪಾಯ, ಏಕೆಂದರೆ ಯಾವ ತೊಂದರೆಯೂ ಕಾಣದೆ ಒಳಗೊಳಗೇ ಅದು ರಕ್ತನಾಳವನ್ನು ಹಾಳುಮಾಡುತ್ತದೆ. ಕಡಿಮೆ ಬಿಪಿ ಹಾಗಲ್ಲ. ಮಿದುಳಿಗೆ, ಮೂತ್ರಪಿಂಡಕ್ಕೆ ಬೇಕಾದಷ್ಟು ರಕ್ತ ತಲುಪುತ್ತಿದ್ದರೆ ಅಂಕಿ ಕಡಿಮೆಯಿದ್ದರೂ ಹಾನಿಯಿಲ್ಲ.

ತೋಟದ ಡ್ರಿಪ್ ಲೈನನ್ನು ನೆನೆಸಿಕೊಳ್ಳಿ. ಪಂಪಿನ ಹತ್ತಿರ ಒತ್ತಡ ಎಷ್ಟಿದೆ ಎಂಬುದಕ್ಕಿಂತ ಕೊನೆಯ ಸಾಲಿನ ತೆಂಗಿನ ಮರಕ್ಕೆ ನೀರು ಬೀಳುತ್ತಿದೆಯೇ ಎಂಬುದು ಮುಖ್ಯ. ನೀರು ಬೀಳುತ್ತಿದ್ದರೆ ಆ ಒತ್ತಡ ಸಾಕು.

ತೆಳ್ಳಗಿರುವ, ಗಿಡ್ಡಗಿರುವ ಯುವತಿಯರಲ್ಲಿ ಮೇಲಿನ ಅಂಕಿ 90ರಿಂದ 110ರೊಳಗೆ ಇರುವುದು ಮಾಮೂಲು. ಚಿಕ್ಕಂದಿನಿಂದ 92/60 ಇದ್ದು, ಓಡಾಡಿಕೊಂಡು ಚೆನ್ನಾಗಿರುವವಳಿಗೆ ಔಷಧಿ ಬೇಡ, ಉಪ್ಪು ಜಾಸ್ತಿ ಮಾಡುವುದೂ ಬೇಡ. ಲಕ್ವ, ಹೃದಯಾಘಾತದಂಥ ತೊಂದರೆಗಳು ಮುಂದೆ ಅವಳಿಗೆ ಬರುವ ಸಂಭವ ಜಾಸ್ತಿ ಬಿಪಿಯವರಿಗಿಂತ ಕಡಿಮೆ.

ಈ ವಿಷಯದಲ್ಲಿ ದೇಶದೇಶಗಳ ವೈದ್ಯರೇ ಒಂದೇ ಮಾತಾಡಿಲ್ಲ. ಜರ್ಮನಿಯಲ್ಲಿ ಬಹಳ ಕಾಲ ಇದನ್ನೊಂದು ಕಾಯಿಲೆಯೆಂದೇ ಎಣಿಸಿ ಔಷಧಿ ಕೊಡುತ್ತಿದ್ದರು. ಬ್ರಿಟನ್, ಅಮೆರಿಕದ ವೈದ್ಯರು ಅದನ್ನು ಒಪ್ಪಲಿಲ್ಲ. 1990ರ ಆಸುಪಾಸಿನಲ್ಲಿ ಬ್ರಿಟನ್ನಿನ ಸಂಶೋಧಕರು ಸಾವಿರಾರು ಜನರ ಬಿಪಿ ಅಳೆದು, ಸುಸ್ತಿನ ಬಗ್ಗೆಯೂ ಕೇಳಿ ನೋಡಿದಾಗ ಎರಡಕ್ಕೂ ಸ್ವಲ್ಪ ನಂಟು ಕಂಡುಬಂತು. ಆದರೆ ಬಿಪಿ ಕಡಿಮೆಯಾಗಿ ಸುಸ್ತು ಬಂತೋ, ಸುಸ್ತು ತರುವ ಬೇರೇನೋ ಬಿಪಿಯನ್ನೂ ಇಳಿಸಿತೋ ಎಂಬುದು ಅದರಿಂದ ಬಗೆಹರಿಯಲಿಲ್ಲ. ಆದ್ದರಿಂದ ಕುಳಿತಾಗಿನ ಒಂದು ಅಂಕಿಯನ್ನು ಹಿಡಿದುಕೊಂಡು ಸುಸ್ತಿಗೆ ಇದೇ ಕಾರಣ ಎಂದು ಹೇಳಲಾಗದು.

ಹಾಗಾದರೆ ಯಾವ ಅಂಕಿ ಲೆಕ್ಕಕ್ಕೆ ಬರುತ್ತದೆ? ಮೂರನ್ನು ಹೇಳುತ್ತೇನೆ. ಒಂದು, ಮೊದಲು ಇದ್ದದ್ದಕ್ಕಿಂತ ಎಷ್ಟು ಇಳಿದಿದೆ ಎಂಬುದು. ಯಾವಾಗಲೂ 120 ಇದ್ದವಳಿಗೆ ಇವತ್ತು 92 ಬಂದರೆ ಅದು ಕಡಿಮೆಯೇ. ಯಾವಾಗಲೂ 92 ಇದ್ದವಳಿಗೆ ಅಲ್ಲ. ಎರಡು, ಎದ್ದು ನಿಂತಾಗ ಎಷ್ಟು ಇಳಿಯುತ್ತದೆ ಎಂಬುದು. ಮೂರು, ಅಂಕಿಯ ಜೊತೆಗೆ ಬೇರೆ ಏನು ಲಕ್ಷಣವಿದೆ ಎಂಬುದು.

ಅಳತೆಯೇ ತಪ್ಪಿದ್ದರೆ

ಈ ಮೂರನ್ನು ನೋಡುವ ಮೊದಲು ಅಳತೆ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ತೋಳಿಗೆ ಸುತ್ತುವ ಪಟ್ಟಿಯನ್ನು ಕಫ್ ಎನ್ನುತ್ತೇವೆ. ಮನೆಗಳಲ್ಲಿ, ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಹೊಂದುವ ಕಫ್. ನಮ್ಮ ಎಷ್ಟೋ ಹುಡುಗಿಯರ ತೋಳು 20, 21 ಸೆಂ.ಮೀ. ಇರುತ್ತದೆ. ಸಣ್ಣ ತೋಳಿಗೆ ದೊಡ್ಡ ಕಫ್ ಸುತ್ತಿದರೆ ಇರುವುದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಹೀಗಾಗಿ ತೆಳ್ಳಗಿರುವವರ ಲೋ ಬಿಪಿಯಲ್ಲಿ ಒಂದು ಪಾಲು ಕಫ್‌ನ ತಪ್ಪು. ತೋಳನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿದರೂ ಕಡಿಮೆ ತೋರಿಸುತ್ತದೆ; ಹತ್ತು ಸೆಂ.ಮೀ. ಮೇಲಾದರೆ ಏಳೆಂಟು ಮಿಲಿಮೀಟರ್ ವ್ಯತ್ಯಾಸ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಪಾದ ನೆಲಕ್ಕೂರಿ, ತೋಳನ್ನು ಮೇಜಿನ ಮೇಲಿಟ್ಟು, ಮಾತಾಡದೆ, ಎರಡು ಸಲ ಅಳೆಸಿಕೊಳ್ಳಬೇಕು.

ಇನ್ನು ನಿಂತಾಗಿನ ಅಳತೆ. ಮಲಗಿದ್ದವರು ಎದ್ದು ನಿಂತ ತಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ಆಗ ದೇಹ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯದ ಬಡಿತವನ್ನು ಸ್ವಲ್ಪ ಏರಿಸಿ ಬಿಪಿಯನ್ನು ಕಾಯ್ದುಕೊಳ್ಳುತ್ತದೆ. ಐದು ನಿಮಿಷ ಮಲಗಿಸಿ ಒಂದು ಸಲ, ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ನಿಜವಾಗಿ ಹುಡುಕಬೇಕಾದ ಲೋ ಬಿಪಿ. ಇದರ ಜೊತೆಗೆ ನಾಡಿಯನ್ನೂ ಎಣಿಸಬೇಕು. ಕೆಲವು ಯುವತಿಯರಲ್ಲಿ ಬಿಪಿ ಇಳಿಯದೆಯೇ, ನಿಂತ ಹತ್ತು ನಿಮಿಷದೊಳಗೆ ನಾಡಿ 30ಕ್ಕೂ ಹೆಚ್ಚು ಏರಿ, ಎದೆ ಹೊಡೆದುಕೊಂಡು, ತಲೆ ಹಗುರಾಗುತ್ತದೆ. ಹತ್ತೊಂಬತ್ತು ವರ್ಷದೊಳಗಿನವರಲ್ಲಿ 40 ಏರಬೇಕು ಎಂದು ಲೆಕ್ಕ. ತಿಂಗಳುಗಟ್ಟಲೆ ಹೀಗೇ ಇದ್ದರೆ ಅದು ಬೇರೆಯೇ ತೊಂದರೆ. ಅದಕ್ಕೆ ತಜ್ಞರ ಹತ್ತಿರ ಹೋಗಬೇಕು.

ಈ ಪರೀಕ್ಷೆಗೆ ಒಂದು ಮಂಚ, ಒಂದು ಬಿಪಿ ಯಂತ್ರ, ಒಂದು ಗಡಿಯಾರ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೂ ಇದನ್ನು ಮಾಡುವುದು ಅಪರೂಪ. ದಯವಿಟ್ಟು ನೀವೇ ಕೇಳಿ ಮಾಡಿಸಿಕೊಳ್ಳಿ.

ಒಬ್ಬಳ ಲೆಕ್ಕ

ಈಗ ಒಂದು ಉದಾಹರಣೆ ನೋಡೋಣ. ಇದು ಯಾರೊಬ್ಬಳ ಕಥೆಯೂ ಅಲ್ಲ. ಈ ಸೀಮೆಯಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಸೇರಿಸಿ ವಿವರಣೆಗಾಗಿ ಕಟ್ಟಿದ್ದು. ಇಪ್ಪತ್ತಮೂರು ವರ್ಷದ ಹೆಣ್ಣುಮಗಳು. ಗಾರ್ಮೆಂಟ್ಸ್ ಕೆಲಸ. ವ್ಯಾನು ಬೆಳಿಗ್ಗೆ ಬೇಗ ಬರುತ್ತದೆ, ಅದಕ್ಕೆ ಮುಂಚೆ ಮನೆಗೆಲಸ. ಒಂದು ಲೋಟ ಟೀ ಕುಡಿದು ಹತ್ತಿದರೆ ಮತ್ತೆ ಹೊಟ್ಟೆಗೆ ಬೀಳುವುದು ಮಧ್ಯಾಹ್ನವೇ. ಶೌಚಾಲಯಕ್ಕೆ ಪದೇ ಪದೇ ಎದ್ದು ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. ಸೋಮವಾರ ಉಪವಾಸ. ಎತ್ತರ 152 ಸೆಂ.ಮೀ., ತೂಕ 41 ಕಿಲೋ. ನಾಲ್ಕು ತಿಂಗಳಿಂದ ಸುಸ್ತು, ಮಹಡಿ ಹತ್ತಿದರೆ ಏದುಸಿರು, ಒಮ್ಮೆ ಸಾಲಿನಲ್ಲಿ ನಿಂತಿದ್ದಾಗ ಬವಳಿ ಬಂದು ಬಿದ್ದಿದ್ದಾಳೆ. ಎರಡು ಸಲ ಗ್ಲೂಕೋಸ್ ಹಾಕಿಸಿಕೊಂಡಿದ್ದಾಳೆ. ಆ ದಿನ ಹಗುರ ಅನಿಸಿ, ಮಾರನೆಯ ದಿನ ಮತ್ತೆ ಅದೇ.

ಅಳತೆಗೆ ಬರೋಣ. ಮಾಮೂಲಿ ಕಫ್‌ನಲ್ಲಿ 88/58 ಬಂತು. ಅವಳ ತೋಳಿಗೆ ಹೊಂದುವ ಚಿಕ್ಕ ಕಫ್ ಸುತ್ತಿದಾಗ 96/62. ಮಲಗಿದಾಗ 98/64, ನಾಡಿ 80. ನಿಂತ ಒಂದು ನಿಮಿಷಕ್ಕೆ 92/62, ನಾಡಿ 100. ಮೂರು ನಿಮಿಷಕ್ಕೆ 94/64, ನಾಡಿ 102. ಮೇಲಿನ ಅಂಕಿ ಇಳಿದದ್ದು ಹೆಚ್ಚೆಂದರೆ 6. ನಾಡಿ ಏರಿದ್ದು 22. ಅಂದರೆ ಬಿಪಿ ಕಾಯ್ದುಕೊಳ್ಳುವ ವ್ಯವಸ್ಥೆ ಸರಿಯಾಗಿದೆ. ಆದರೆ ಹೃದಯ ಸ್ವಲ್ಪ ಹೆಚ್ಚಾಗಿಯೇ ದುಡಿಯುತ್ತಿದೆ. ಏಕೆ?

ಮುಟ್ಟಿನ ಬಗ್ಗೆ ಕೇಳಿದಾಗ ಉತ್ತರ ಸಿಕ್ಕಿತು. ಎಂಟು ದಿನ ಹೋಗುತ್ತದೆ. ಮೊದಲ ಎರಡು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಗಡ್ಡೆ ಗಡ್ಡೆಯಾಗಿ ಬೀಳುತ್ತದೆ. ಮನೆಯಲ್ಲಿ ಅಮ್ಮನಿಗೂ ಹಾಗೇ ಇತ್ತು ಎಂದು ಅದನ್ನು ಸಹಜ ಅಂದುಕೊಂಡಿದ್ದಾಳೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಕೆಂಪು ರಕ್ತಕಣಗಳು ಗಾತ್ರದಲ್ಲಿ ಚಿಕ್ಕವಾಗಿವೆ, ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ 8 ಮಾತ್ರ. 15ಕ್ಕಿಂತ ಕಡಿಮೆ ಎಂದರೆ ದಾಸ್ತಾನು ಖಾಲಿ ಎಂದರ್ಥ. ಸುಸ್ತಿನ ಕಾರಣ ಇದು. ರಕ್ತ ಹೊತ್ತೊಯ್ಯುವ ಆಮ್ಲಜನಕ ಕಡಿಮೆ, ಅದನ್ನು ಸರಿದೂಗಿಸಲು ಹೃದಯ ಬೇಗ ಬೇಗ ಬಡಿಯುತ್ತಿದೆ. ಖಾಲಿ ಹೊಟ್ಟೆ, ಕುಡಿಯದ ನೀರು, ಸೆಕೆ ಮೂರೂ ಸೇರಿದ ದಿನ ಸಾಲಿನಲ್ಲಿ ಬಿದ್ದಿದ್ದಾಳೆ.

ಇವಳು ಒಂಟಿಯಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಸುಸ್ತು ಎಂದು ಬಂದ ಹೆಣ್ಣುಮಗಳ ಬಿಪಿ ನೋಡಿ ಹಿಮೋಗ್ಲೋಬಿನ್ ನೋಡದೆ ಕಳಿಸಿದರೆ ಕೆಲಸ ಅರ್ಧಕ್ಕೆ ನಿಂತಂತೆ.

ಹಿಮೋಗ್ಲೋಬಿನ್ 12ರ ಮೇಲಿದ್ದರೂ ದಾಸ್ತಾನು ಕಡಿಮೆಯಿದ್ದರೆ ಸುಸ್ತಾಗಬಹುದು. 2012ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ, ರಕ್ತಹೀನತೆ ಇಲ್ಲದ ಆದರೆ ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದ, ಸುಸ್ತು ಎನ್ನುವ 198 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಕಬ್ಬಿಣದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟರು. ಹನ್ನೆರಡು ವಾರದಲ್ಲಿ ಕಬ್ಬಿಣ ತೆಗೆದುಕೊಂಡವರ ಸುಸ್ತು ಸುಮಾರು ಅರ್ಧಕ್ಕಿಳಿಯಿತು. ಹುಸಿ ಮಾತ್ರೆಯವರಲ್ಲೂ ಕಾಲುಭಾಗಕ್ಕಿಂತ ತುಸು ಹೆಚ್ಚೇ ಇಳಿಯಿತು. ಮದ್ದು ತಗೊಂಡೆ ಎಂಬ ನಂಬಿಕೆಯೂ ಒಂದಷ್ಟು ಕೆಲಸ ಮಾಡುತ್ತದೆ. ಗ್ಲೂಕೋಸ್ ಹಾಕಿಸಿಕೊಂಡ ದಿನದ ಹಗುರಕ್ಕೂ ಇದು ಒಂದು ಕಾರಣ.

ಗ್ಲೂಕೋಸ್ ಬಾಟಲಿ ಮತ್ತು ಎಳನೀರು

ಆ ಬಾಟಲಿಯಲ್ಲಿ ಏನಿದೆ ಎಂದು ನೋಡೋಣ. ಐದು ಪರ್ಸೆಂಟಿನ ಅರ್ಧ ಲೀಟರ್ ಗ್ಲೂಕೋಸಿನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಉಳಿದದ್ದು ನೀರು. ನಾಲ್ಕೈದು ಚಮಚ ಸಕ್ಕರೆ ಹಾಕಿದ ಪಾನಕಕ್ಕೂ ಅದಕ್ಕೂ ಶಕ್ತಿಯ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕಬ್ಬಿಣ ಅದರಲ್ಲಿ ಇಲ್ಲ. ವಾಂತಿಯಾಗಿ ಬಾಯಿಂದ ಏನೂ ನಿಲ್ಲದವರಿಗೆ, ಭೇದಿಯಿಂದ ನಿತ್ರಾಣರಾದವರಿಗೆ ಡ್ರಿಪ್ ಪ್ರಾಣ ಉಳಿಸುತ್ತದೆ. ನಡೆದುಕೊಂಡು ಬಂದು ಕುಳಿತು ಮಾತಾಡುವ ಹುಡುಗಿಗೆ ಅದು ಬೇಡ. ನರಕ್ಕೆ ಸೂಜಿ ಚುಚ್ಚುವುದರಲ್ಲಿ ಸೋಂಕಿನ ಅಪಾಯವೂ ಇದೆ.

ನಮ್ಮದು ತೆಂಗಿನ ಸೀಮೆ. ಸುಸ್ತೆಂದರೆ ಕೈ ಎಳನೀರಿಗೆ ಹೋಗುತ್ತದೆ. ಎಳನೀರು ಒಳ್ಳೆಯದು, ಬಾಯಾರಿಕೆ ತಣಿಸುತ್ತದೆ, ಪೊಟ್ಯಾಷಿಯಂ ಹೇರಳವಾಗಿದೆ. ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪು. ಎಳನೀರಿನಲ್ಲಿ ಅದು ಕಡಿಮೆ. ಬಿಸಿಲಿನಲ್ಲಿ ಕಾಯಿ ಸುಲಿದು, ಸಾಗಿಸಿ ಬೆವರಿದವರಿಗೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಪೊಟ್ಟಣದ ಮೇಲೆ ಬರೆದಷ್ಟು ನೀರಿನಲ್ಲಿ ಕರಗಿಸಿದ ಓಆರ್‌ಎಸ್ ಹೆಚ್ಚು ಉಪಯೋಗ. ಎಳನೀರನ್ನು ಊಟತಿಂಡಿಯ ಜೊತೆ ಕುಡಿಯಿರಿ, ಊಟದ ಬದಲಿಗೆ ಬೇಡ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು, ಪೊಟ್ಯಾಷಿಯಂ ಅವರಿಗೆ ಅಪಾಯ.

ನಮ್ಮ ಉದಾಹರಣೆಯ ಹುಡುಗಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಅಕ್ಕನ ಕೈಯಲ್ಲಿ ಸಿಗುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ವಾರಕ್ಕೊಂದು ಎಂಬುದು ರಕ್ತಹೀನತೆ ಬಾರದಂತೆ ತಡೆಯುವ ಲೆಕ್ಕ. ಬಂದ ಮೇಲೆ ಅದು ಸಾಲದು. ದಿನವೂ ಅಥವಾ ದಿನ ಬಿಟ್ಟು ದಿನ ಎಂದು ವೈದ್ಯರು ಹೇಳುತ್ತಾರೆ. ದಿನ ಬಿಟ್ಟು ದಿನ ತೆಗೆದುಕೊಂಡಾಗ ಒಂದೊಂದು ಮಾತ್ರೆಯಿಂದಲೂ ಕರುಳು ಹೆಚ್ಚು ಕಬ್ಬಿಣ ಹೀರಿಕೊಳ್ಳುತ್ತದೆ ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಹೊಟ್ಟೆ ತೊಳಸುವವರಿಗೂ ಅದು ಅನುಕೂಲ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಾತ್ರೆಯ ಹಿಂದೆ ಮುಂದೆ ಒಂದೆರಡು ಗಂಟೆ ಟೀ ಕಾಫಿ ಬೇಡ, ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೆ ನುಂಗಬೇಡಿ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಮುದ್ದೆ, ಬಸ್ಸಾರು, ಹುರುಳಿಕಾಳು, ನುಗ್ಗೆಸೊಪ್ಪು ನಮ್ಮ ಊಟದಲ್ಲಿ ಇವೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವ ಸೊಸೆಗೆ, ಮಗಳಿಗೆ ಅವು ಎಷ್ಟು ಸಿಗುತ್ತವೆ ಎಂಬುದೇ ಪ್ರಶ್ನೆ. ಊಟದ ಹಿಂದೆಯೇ ಟೀ ಕುಡಿದರೆ ಸಿಕ್ಕಿದ್ದರ ಕಬ್ಬಿಣವೂ ಸರಿಯಾಗಿ ದಕ್ಕುವುದಿಲ್ಲ.

ಸರಿಯಾಗಿ ತೆಗೆದುಕೊಂಡರೆ ತಿಂಗಳೊಳಗೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ನಾಲ್ಕು ವಿಷಯ ನೋಡಬೇಕು: ಮಾತ್ರೆ ನಿಜವಾಗಿ ನುಂಗುತ್ತಿದ್ದಾಳೆಯೇ, ರಕ್ತಸ್ರಾವ ಮುಂದುವರಿದಿದೆಯೇ, ಹುಟ್ಟಿನಿಂದ ಬಂದ ಥಲಸ್ಸೀಮಿಯಾದ ಅಂಶವಿದೆಯೇ, ವಿಟಮಿನ್ ಬಿ12 ಕಡಿಮೆಯೇ. ಮಾಂಸ ಮೊಟ್ಟೆ ತಿನ್ನದ, ಹಾಲು ಮೊಸರನ್ನೂ ಕಡಿಮೆ ಬಳಸುವ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಮಾತ್ರೆ ಬೇಕು. ಅತಿಯಾದ ಮುಟ್ಟಿಗೆ ಬೇರೆ ಚಿಕಿತ್ಸೆಯಿದೆ. ಅದನ್ನು ಮಾಡದೆ ಬರೀ ಕಬ್ಬಿಣ ಕೊಡುತ್ತಿದ್ದರೆ ತುಂಬಿದ್ದು ಮತ್ತೆ ಹೋಗುತ್ತಲೇ ಇರುತ್ತದೆ.

ಹೀಗೆ ನೋಡಿಕೊಂಡರೆ ಅವಳ ಸುಸ್ತು ಹೋಗುತ್ತದೆ, ಮಹಡಿ ಹತ್ತಿದರೆ ಏದುಸಿರು ಇರುವುದಿಲ್ಲ. ಆಗ ಮತ್ತೆ ಬಿಪಿ ಅಳೆದರೆ ಬಹುಮಟ್ಟಿಗೆ 98/64ರ ಹತ್ತಿರವೇ ಬರುತ್ತದೆ. ಬಿಪಿ ಇದ್ದಲ್ಲೇ ಇದ್ದು ಸುಸ್ತು ಮಾತ್ರ ಹೋಯಿತೆಂದರೆ, ಸುಸ್ತು ಬಂದದ್ದು ಬಿಪಿಯಿಂದಲ್ಲ.

ತಡಮಾಡಬಾರದ ಲೋ ಬಿಪಿ

ಹಾಗೆಂದು ಎಲ್ಲ ಕಡಿಮೆ ಬಿಪಿಯೂ ನಿರಪಾಯ ಎಂದು ದಯವಿಟ್ಟು ತಿಳಿಯಬೇಡಿ. ಮುಟ್ಟು ತಪ್ಪಿದೆ, ಕಿಬ್ಬೊಟ್ಟೆ ನೋವು, ತಲೆ ಸುತ್ತಿ ಬೀಳುತ್ತಿದ್ದಾಳೆ ಎಂದರೆ ಗರ್ಭನಾಳದಲ್ಲಿ ಗರ್ಭ ನಿಂತು ಒಡೆದಿರಬಹುದು. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಈ ಪ್ರಶ್ನೆ ಕೇಳದೆ ಬಿಡಬಾರದು. ಡೆಂಗಿ ಜ್ವರದಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯದ ಗಳಿಗೆ ಬರುತ್ತದೆ. ಮೂರರಿಂದ ಏಳನೆಯ ದಿನದೊಳಗೆ ಹೊಟ್ಟೆನೋವು, ವಾಂತಿ, ತಣ್ಣನೆಯ ಕೈಕಾಲು ಕಂಡರೆ, ಅಥವಾ ಬಿಪಿಯ ಎರಡು ಅಂಕಿಗಳ ನಡುವಿನ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ, ಉದಾಹರಣೆಗೆ 96/78 ಬಂದರೆ, ಅದು ತುರ್ತು. ಮೇಲಿನ ಅಂಕಿ ಅದೇ 96 ಆದರೂ ನಮ್ಮ ಹುಡುಗಿಯ 96/62ಕ್ಕೂ ಇದಕ್ಕೂ ಅಜಗಜಾಂತರ.

ಇನ್ನೊಂದು ಅಪರೂಪದ ಕಾಯಿಲೆಯಿದೆ. ತೂಕ ಇಳಿಯುತ್ತಾ, ಪದೇ ಪದೇ ವಾಂತಿಯಾಗುತ್ತಾ, ಉಪ್ಪು ತಿನ್ನುವ ಬಯಕೆಯಾಗಿ, ಒಸಡು, ಅಂಗೈ ಗೆರೆಗಳು ಕಪ್ಪಾಗುತ್ತಾ ಬಿಪಿ ಇಳಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೊರಗಿರಬಹುದು. ಹಿಂದಿನಿಂದಲೂ ನಮ್ಮ ದೇಶದಲ್ಲಿ ಕ್ಷಯ ಇದಕ್ಕೆ ಒಂದು ಮುಖ್ಯ ಕಾರಣ. ಬೆಳಗಿನ ಕಾರ್ಟಿಸಾಲ್ ಪರೀಕ್ಷೆಯಿಂದ ಸುಳಿವು ಸಿಗುತ್ತದೆ, ಮಾತ್ರೆಯಿಂದ ಜೀವ ಉಳಿಯುತ್ತದೆ. ಈ ಕಾಯಿಲೆಯಲ್ಲಿ ರಕ್ತದ ಪೊಟ್ಯಾಷಿಯಂ ಮೊದಲೇ ಏರಿರುತ್ತದೆ, ಎಳನೀರು ಒಳ್ಳೆಯದಲ್ಲ. ಮೈಗ್ರೇನಿಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆಗಳೂ ಬಿಪಿ ಇಳಿಸುತ್ತವೆ. ಆದ್ದರಿಂದ ತಗೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ. ಶ್ರಮಪಡುವಾಗ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದರೆ ಇಸಿಜಿ ಆಗಲೇಬೇಕು.

ಗರ್ಭಿಣಿಯರಲ್ಲಿ ಮೊದಲ ಐದಾರು ತಿಂಗಳು ಬಿಪಿ ತಾನಾಗಿ ಸ್ವಲ್ಪ ಇಳಿಯುತ್ತದೆ, ಅದು ಸಹಜ. ಇಲ್ಲಿ ನಿಮ್ಮ ಮಾಮೂಲಿ ಅಂಕಿ ಗೊತ್ತಿರುವುದರ ಬೆಲೆ ತಿಳಿಯುತ್ತದೆ. ಯಾವಾಗಲೂ 92/60 ಇದ್ದವಳಿಗೆ ಎಂಟನೆಯ ತಿಂಗಳಲ್ಲಿ 130/86 ಬಂದರೆ ಕಾರ್ಡಿನಲ್ಲಿ ಅದು ನಾರ್ಮಲ್ ಎಂದೇ ಕಾಣುತ್ತದೆ. ಅವಳಿಗೆ ಅದು ದೊಡ್ಡ ಏರಿಕೆ. ಹೆಚ್ಚು ಸಲ ಅಳೆದು, ಮೂತ್ರ ಪರೀಕ್ಷಿಸಿ ಕಾಯಬೇಕು.

ಕಣ್ಣಿಗೆ ಕತ್ತಲೆ ಬಂದಾಗ ಏನು ಮಾಡಬೇಕು ಎಂದು ಹೇಳಿ ಮುಗಿಸುತ್ತೇನೆ. ಅಲ್ಲೇ ಕುಳಿತುಬಿಡಿ, ಸಾಧ್ಯವಾದರೆ ಮಲಗಿ ಕಾಲು ಎತ್ತರಿಸಿ. ಬಿದ್ದವಳನ್ನು ಎತ್ತಿ ಕೂರಿಸಬೇಡಿ, ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ. ಬಹಳ ಹೊತ್ತು ನಿಲ್ಲಬೇಕಾದಾಗ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿದರೆ ಕೆಳಗಿಳಿದ ರಕ್ತ ಮೇಲಕ್ಕೆ ಬರುತ್ತದೆ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ತಿಂದು, ಎರಡು ಲೋಟ ನೀರು ಕುಡಿದು ಹೊರಡಿ.

ಆಸ್ಪತ್ರೆಗೆ ಹೋದಾಗ ಬಿಪಿ ಲೋ ಎಂದು ಹೇಳುವ ಬದಲು ನಾಲ್ಕು ಮಾತು ಹೇಳಿ: ಸುಸ್ತು ಎಷ್ಟು ದಿನದಿಂದ, ಮುಟ್ಟು ಎಷ್ಟು ದಿನ ಮತ್ತು ಎಷ್ಟು ಜೋರು, ದಿನಕ್ಕೆ ಏನು ಉಣ್ಣುತ್ತೀರಿ ಕುಡಿಯುತ್ತೀರಿ, ಯಾವ ಮಾತ್ರೆ ತಗೊಳ್ಳುತ್ತೀರಿ. ನಾಲ್ಕು ಕೆಲಸ ಕೇಳಿ: ತೋಳಿಗೆ ಹೊಂದುವ ಕಫ್, ಮಲಗಿ ನಿಂತು ಬಿಪಿ ಮತ್ತು ನಾಡಿ, ಹಿಮೋಗ್ಲೋಬಿನ್, ಬೇಕಿದ್ದರೆ ಗರ್ಭ ಪರೀಕ್ಷೆ. ಬಂದ ಅಂಕಿಗಳನ್ನು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಂಕಿ ಇಳಿದಿದೆಯೇ ಇಲ್ಲವೇ ಎಂದು ಹೇಳಲು ವೈದ್ಯರಿಗೆ ಬೇಕಾದದ್ದು ಅದೇ.